ಬಾಕಿ ಕೇಳಲು ಯಾವ ಭಾಷೆ? ಮಂಡಿಪೇಟೆಯ ಮೂರು ಕಾಗದಗಳ ಕಥೆ

ತುಮಕೂರು: ಗುಬ್ಬಿಯ ಪಾತ್ರೆ ಅಂಗಡಿಯ ಮಾಲೀಕರೊಬ್ಬರು 2025ರ ಫೆಬ್ರವರಿಯ ಒಂದು ಬೆಳಗ್ಗೆ ಅಂಗಡಿ ಬಾಗಿಲನ್ನು ಅರ್ಧಕ್ಕೆ ಎಳೆದು, ಸಿಕ್ಕಿದ ಬಸ್ಸು ಹತ್ತಿ ನೇರವಾಗಿ ಮಂಡಿಪೇಟೆಗೆ ಬಂದರು. ಸಗಟು ವ್ಯಾಪಾರಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ನೋಟಿನ ಕಟ್ಟು ಇಟ್ಟರು. ಕೂತ್ಕೊಳ್ಳಿ ಎಂದರೆ ಕೂರಲಿಲ್ಲ, ಕಾಫಿ ಬೇಡವೆಂದರು.

"ಎಣಿಸ್ಕೊಳ್ಳಿ ಸಾಹುಕಾರ್ರೇ. ಹದಿನೇಳು ವರ್ಷದ ಲೆಕ್ಕ ಇವತ್ತಿಗೆ ಚುಕ್ತಾ. ದುಡ್ಡು ಬೇಕಿದ್ರೆ ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಬೀದೀಲಿ ಓದಿಸೋ ಹಾಗೆ ಮಾಡಿದ್ರಲ್ಲ!"

ಸಾಹುಕಾರರಿಗೆ ತಲೆಬುಡ ಅರ್ಥವಾಗಲಿಲ್ಲ. ಅವರು ಕಳಿಸಿದ್ದು ಮುಚ್ಚಿದ ಲಕೋಟೆಯಲ್ಲಿ ಒಂದು ಕಾಗದ. ಬೀದಿಯಲ್ಲಿ ಯಾರು ಓದಿದರು?

ಓದಿದ್ದು ಪಕ್ಕದ ಮೆಡಿಕಲ್ ಸ್ಟೋರಿನ ಹುಡುಗ. ಕಾಗದವಿದ್ದದ್ದು ಇಂಗ್ಲಿಷಿನಲ್ಲಿ. ಗುಬ್ಬಿಯ ಮಾಲೀಕರು ಓದಿದ್ದು ಕನ್ನಡ ಏಳನೇ ಕ್ಲಾಸು. ಸಗಟು ಅಂಗಡಿಯಿಂದ ಬಂದಿದೆ, ಹೊಸ ರೇಟಿನ ಪಟ್ಟಿಯೇನೋ ಅಂದುಕೊಂಡು ಪಕ್ಕದ ಅಂಗಡಿಗೆ ಒಯ್ದು "ಏನಪ್ಪಾ ಇದು, ಸ್ವಲ್ಪ ನೋಡು" ಎಂದರು. ಹುಡುಗ ಗಟ್ಟಿಯಾಗಿ ಓದಿ, ಕೊನೆಯ ಸಾಲಿಗೆ ತನಗೆ ತೋಚಿದ ಅರ್ಥ ಹೇಳಿದ: "ಅಣ್ಣಾ, ಬಾಕಿ ಕಟ್ಟಿಲ್ಲ ಅಂತ ನಿಮ್ಮ ಮೇಲೆ ಕೇಸ್ ಹಾಕ್ತಾರಂತೆ." ಔಷಧಿಗೆ ಬಂದಿದ್ದ ಇಬ್ಬರು ಕೇಳಿಸಿಕೊಂಡರು. ಸಂಜೆಯ ಹೊತ್ತಿಗೆ ಸುದ್ದಿ ಬಸ್ ಸ್ಟ್ಯಾಂಡ್ ಮುಟ್ಟಿತ್ತು.

ಕನ್ನಡವೋ ಇಂಗ್ಲಿಷೋ ಎಂದು ವೇದಿಕೆಗಳ ಮೇಲೆ ನಡೆಯುವ ವಾದ ಬೇರೆ. ಅಂಗಡಿಗೆ ಬರೆಯುವ ಕಾಗದದಲ್ಲಿ ಆ ಪ್ರಶ್ನೆ ಬಂದಾಗ ಅದು ಭಾಷಾಭಿಮಾನದ ವಿಷಯಕ್ಕಿಂತ ಮೊದಲು ಮಾನದ ವಿಷಯ. ಬಾಕಿಯ ಕಾಗದವನ್ನು ಮಾಲೀಕ ತಾನೇ ಓದಿಕೊಳ್ಳುವಂತಿರಬೇಕು. ಇನ್ನೊಬ್ಬರ ಕೈಯಲ್ಲಿ ಓದಿಸಬೇಕಾಗಿ ಬಂದರೆ, ಒಳಗೆ ಎಷ್ಟೇ ವಿನಯವಿರಲಿ, ಅದು ಬಹಿರಂಗ ಪತ್ರವೇ.

ಅಳಿಯ ಬರೆದ ಇಂಗ್ಲಿಷ್

ಕಾಗದ ಬರೆದದ್ದು ಸಾಹುಕಾರರ ಅಕ್ಕನ ಮಗ. ಬೆಂಗಳೂರಿನಲ್ಲಿ ಬಿ.ಕಾಂ. ಮುಗಿಸಿ ಮಾವನ ವ್ಯಾಪಾರಕ್ಕೆ ಬಂದು ಕೂತವನು. ಕಂಪ್ಯೂಟರ್‌ನಲ್ಲಿ ಲೆಕ್ಕ ತೆಗೆದಾಗ 42 ಚಿಲ್ಲರೆ ಅಂಗಡಿಗಳಿಂದ ಬಾಕಿ ಬರಬೇಕಾಗಿತ್ತು. ಗುಬ್ಬಿ, ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ, ತುಮಕೂರು ಪೇಟೆಯೊಳಗಿನವು ಎಲ್ಲಾ ಸೇರಿ. ಎಲ್ಲರಿಗೂ ಒಂದೇ ಕಾಗದ. ತಮ್ಮ ಖಾತೆ ಗಡುವು ಮೀರಿದೆ, ಬೇಗ ಹಣ ಕಳಿಸಿ, ಇಲ್ಲವಾದರೆ ಸೂಕ್ತ ಕಾನೂನು ಕ್ರಮ ಅನಿವಾರ್ಯ. ಇಂಗ್ಲಿಷಿನಲ್ಲಿ ಇದು ದಿನನಿತ್ಯದ ಆಫೀಸು ಮಾತು. ಬರೆಯುವವನಿಗೂ ಓದುವವನಿಗೂ ಆ ಕೊನೆಯ ಸಾಲು ಅಚ್ಚು ಹಾಕಿದ ಸಾಲು ಎಂದು ಗೊತ್ತಿದ್ದರೆ ಯಾರೂ ಬೆಚ್ಚುವುದಿಲ್ಲ. ಆದರೆ ಗುಬ್ಬಿಯ ಬೀದಿಯಲ್ಲಿ ಕನ್ನಡದ ಬಾಯಿಗೆ ಬಂದ ಕೂಡಲೇ ಅದು "ಕೇಸು" ಆಯಿತು.

42 ಕಾಗದಕ್ಕೆ ಬಂದ ಹಣ ಐದು ಅಂಗಡಿಗಳಿಂದ. ಅದರಲ್ಲಿ ಒಂದು ಗುಬ್ಬಿಯದು, ಲೆಕ್ಕದ ಜೊತೆ ಗಿರಾಕಿಯೂ ಹೋದದ್ದು. ಸಾಹುಕಾರರು ಅಳಿಯನನ್ನು ಬೈಯಲಿಲ್ಲ. "ಕನ್ನಡದಲ್ಲಿ ಬರಿಯಪ್ಪ" ಎಂದಷ್ಟೇ ಹೇಳಿದರು.

ಕನ್ನಡವೇನೋ ಹೌದು, ಆದರೆ ಯಾರ ಕನ್ನಡ?

ಹುಡುಗ ಮೊದಲು ಮೊಬೈಲಿನಲ್ಲಿ ಕೆಲವರಿಗೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕಳಿಸಿದ. ಮಧುಗಿರಿಯ ಒಬ್ಬರಿಗೆ ಹೋದ ಸಂದೇಶ ಹೀಗಿತ್ತು: "Ee sala balance kodi". ಅವನ ಮನಸ್ಸಿನಲ್ಲಿದ್ದದ್ದು "ಈ ಸಲ ಬ್ಯಾಲೆನ್ಸ್ ಕೊಡಿ" ಎಂದು. ಆ ಕಡೆಯವರು ಓದಿಕೊಂಡದ್ದು "ಈ ಸಾಲ" ಎಂದು. ಇಂಗ್ಲಿಷ್ ಅಕ್ಷರದಲ್ಲಿ ಹ್ರಸ್ವ ದೀರ್ಘ ತೋರಿಸುವ ರೂಢಿ ನಮ್ಮಲ್ಲಿಲ್ಲ. ಸಲಕ್ಕೂ ಸಾಲಕ್ಕೂ ಒಂದೇ ಕಾಗುಣಿತ.

ಹತ್ತು ನಿಮಿಷದಲ್ಲಿ ಫೋನ್ ಬಂತು. "ನಾನ್ಯಾವಾಗ ಸ್ವಾಮಿ ನಿಮ್ಮತ್ರ ಸಾಲ ಮಾಡಿದ್ದು? ಮಾಲು ತಂದಿದೀನಿ, ಬಾಕಿ ಇದೆ, ಕೊಡ್ತೀನಿ. ಸಾಲ ಅಂತ ಬರೀತೀರಲ್ಲ!"

ಹೊರಗಿನವರಿಗೆ ಎರಡೂ ಒಂದೇ ಅನ್ನಿಸಬಹುದು. ಪೇಟೆಯಲ್ಲಿ ಹಾಗಲ್ಲ. ಸಾಲ ಎಂದರೆ ಕೈಚಾಚಿ ತಂದ ದುಡ್ಡು. ಬಾಕಿ ಎಂದರೆ ವ್ಯವಹಾರ ನಡೆಯುತ್ತಿದೆ ಎಂದು ಅರ್ಥ. ದೊಡ್ಡ ದೊಡ್ಡ ಅಂಗಡಿಗಳಿಗೂ ಬಾಕಿ ಇರುತ್ತದೆ, ಅದರಲ್ಲಿ ಅವಮಾನವೇನಿಲ್ಲ. ಬಾಕಿದಾರ ಎಂದು ಬರೆಯಬಹುದು, ಸಾಲಗಾರ ಎಂದು ಬರೆದರೆ ಮುಂದಿನ ಬಿಲ್ ಬೇರೆ ಸಗಟು ಅಂಗಡಿಯಲ್ಲಿ ಏಳುತ್ತದೆ.

ಅದಾದ ಮೇಲೆ ಅಳಿಯ ಕನ್ನಡ ಅಕ್ಷರದಲ್ಲೇ ಎರಡನೇ ಕಾಗದ ಬರೆದ. ಕನ್ನಡದಲ್ಲಿ ವ್ಯವಹಾರದ ಕಾಗದ ಹೇಗಿರುತ್ತದೆ ಎಂದು ಅವನು ನೋಡಿದ್ದು ಒಂದೇ ಕಡೆ, ಸರ್ಕಾರಿ ಕಚೇರಿಯ ನೋಟೀಸುಗಳಲ್ಲಿ. ಹಾಗಾಗಿ ಅದೇ ವರಸೆ ಬಂತು: "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಬಾಕಿ ಮೊತ್ತವನ್ನು ಈ ಪತ್ರ ತಲುಪಿದ ಏಳು ದಿನಗಳೊಳಗಾಗಿ ಪಾವತಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು."

ಈ ಕಾಗದ ಅಂಚೆಗೆ ಬೀಳಲಿಲ್ಲ. ಬೀಳದಂತೆ ತಡೆದವರು ಅಂಗಡಿಯ ಹಳೇ ಗುಮಾಸ್ತರು. ಮೂವತ್ತು ವರ್ಷಕ್ಕೂ ಮೇಲೆ ಅದೇ ಗದ್ದಿಗೆಯಲ್ಲಿ ಕೂತು ಕೈಬರಹದಲ್ಲಿ ಕಾಗದ ಬರೆದವರು, ಈಗ ಮನೆಯಲ್ಲಿದ್ದಾರೆ. ಶನಿವಾರ ಸುಮ್ಮನೆ ಬಂದು ಕೂತಿದ್ದರು. ಕಾಗದ ಓದಿ ಕನ್ನಡಕ ತೆಗೆದರು.

"ಇದು ನಗರಸಭೆಯವರು ಕಂದಾಯಕ್ಕೆ ಕಳಿಸೋ ನೋಟೀಸು ಕಣಪ್ಪ. ತಕ್ಕದ್ದು ಅನ್ನೋಕೆ ನಮಗೇನು ಅಧಿಕಾರ ಇದೆ? ಅಧಿಕಾರಿ ಬರೀಬಹುದು. ನಾವು ಅವರ ಹತ್ರ ವ್ಯಾಪಾರ ಮಾಡೋರು, ನಾಳೆ ಅವರೇ ನಮಗೆ ಆರ್ಡರ್ ಕೊಡಬೇಕು."

ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಎಡವುವುದು ಇಲ್ಲೇ. ಕಚೇರಿ ಕನ್ನಡದಲ್ಲಿ ಬರೆಯುವವನು ಯಾರೆಂದು ಕಾಣುವುದಿಲ್ಲ. "ಜರುಗಿಸಲಾಗುವುದು" ಎಂದರೆ ಜರುಗಿಸುವವರು ಯಾರು? ಹದಿನೇಳು ವರ್ಷ ಮುಖ ನೋಡಿ ವ್ಯಾಪಾರ ಮಾಡಿದವನು ಒಮ್ಮೆಗೇ ಮುಖ ಮುಚ್ಚಿಕೊಂಡು ಮಾತಾಡಿದಂತೆ ಕೇಳುತ್ತದೆ. ಅದರ ಬದಲು "ತಾವು ಕಳಿಸಿಕೊಡಬೇಕೆಂದು ಕೋರುತ್ತೇವೆ" ಎಂದರೆ ಕೇಳುವವರೂ ಇದ್ದಾರೆ, ಕೊಡುವವರೂ ಇದ್ದಾರೆ.

ಹಾಗೆಂದು ಮಾತಾಡಿದ ಹಾಗೇ ಬರೆದರೂ ಸರಿಹೋಗುವುದಿಲ್ಲ. ಗಲ್ಲಾದ ಮುಂದೆ ನಗುತ್ತಾ "ಏನ್ ಸ್ವಾಮಿ, ನಮ್ದೊಂಚೂರು ನೋಡ್ಬಾರ್ದಾ" ಎಂದರೆ ಚೆಂದ. ಅದನ್ನೇ ಅಚ್ಚು ಹಾಕಿಸಿ ಕಳಿಸಿದರೆ ಕುಹಕವಾಗುತ್ತದೆ, ಏಕೆಂದರೆ ಕಾಗದದಲ್ಲಿ ನಗು ಕಾಣುವುದಿಲ್ಲ.

ಮೂರು ಕಾಲಮ್ಮಿನ ಪಟ್ಟಿ

ಗುಮಾಸ್ತರು ಹುಡುಗನಿಂದ ಮೊದಲು ಕಾಗದ ಬರೆಸಲಿಲ್ಲ. ಒಂದು ಪಟ್ಟಿ ಬರೆಸಿದರು. ಪ್ರತಿ ಅಂಗಡಿಯ ಎದುರಿಗೆ ಮೂರು ಪ್ರಶ್ನೆ: ಮಾಲೀಕರು ಏನು ಮಾತಾಡುತ್ತಾರೆ, ಏನು ಓದುತ್ತಾರೆ, ಚೆಕ್ಕಿಗೆ ಸಹಿ ಹಾಕುವವರು ಯಾರು?

ಈ ಮೂರೂ ಒಂದೇ ಎಂದು ಭಾವಿಸಿದ್ದೇ ಮೊದಲನೇ ಕಾಗದದ ತಪ್ಪು. ಪಾವಗಡ ಕಡೆಯ ನಾಲ್ಕು ಅಂಗಡಿಯವರ ಮನೆಮಾತು ತೆಲುಗು, ಫೋನಿನಲ್ಲೂ ತೆಲುಗೇ. ಆದರೆ ಶಾಲೆಯಲ್ಲಿ ಓದಿದ್ದು ಕನ್ನಡ, ಹಾಗಾಗಿ ಕಾಗದ ಕನ್ನಡದಲ್ಲೇ. ತುಮಕೂರು ಪೇಟೆಯ ಮೂವರು ಮಾರವಾಡಿ ವರ್ತಕರು ಕನ್ನಡವನ್ನು ಅರಳು ಹುರಿದಂತೆ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರ ಲೆಕ್ಕ ನೋಡುವವರಿಗೆ ಇಂಗ್ಲಿಷ್ ಸಾಕು. ಅಲ್ಲಿಗೆ ಲೆಕ್ಕದ ಹಾಳೆ ಇಂಗ್ಲಿಷಿನಲ್ಲಿ, ಮಾತು ಮಾತ್ರ ಕನ್ನಡದಲ್ಲಿ, ಅದೂ ಸಾಹುಕಾರರೇ ಫೋನ್ ಮಾಡಿ. ಮನೆಮಾತು ಉರ್ದು ಆದ ಇಬ್ಬರಲ್ಲಿ ಒಬ್ಬರು ಕನ್ನಡ ಚೆನ್ನಾಗಿ ಓದುತ್ತಾರೆ. ಇನ್ನೊಬ್ಬರ ಅಂಗಡಿಯಲ್ಲಿ ಲೆಕ್ಕ, ಸಹಿ ಎರಡೂ ಮಗನದು, ಅವನಿಗೂ ಕನ್ನಡವೇ ಸಲೀಸು. ದೊಡ್ಡ ಕಂಪನಿಯ ಎರಡು ಶೋರೂಮುಗಳಿಗೆ ಮಾತ್ರ ಪೂರ್ತಿ ಇಂಗ್ಲಿಷ್. ಅಲ್ಲಿ ಮ್ಯಾನೇಜರ್ ಕನ್ನಡದವರೇ ಆದರೂ ಹಣ ಬಿಡುವುದು ಹೊರ ರಾಜ್ಯದ ಹೆಡ್ ಆಫೀಸು. ಕನ್ನಡ ಕಾಗದ ಮ್ಯಾನೇಜರ ಮೇಜಿನ ಮೇಲೆ ಕೂರುತ್ತದೆ, ಇಂಗ್ಲಿಷ್ ಕಾಗದ ಮೇಲಕ್ಕೆ ಹೋಗುತ್ತದೆ.

ಉಳಿದ 31 ಅಂಗಡಿ ಕನ್ನಡಕ್ಕೇ ಸೇರಿದವು. ಆದರೆ ಅವುಗಳಲ್ಲೂ ಒಂದು ತೊಡಕಿತ್ತು. ಕೆಲವು ಅಂಗಡಿಗಳಲ್ಲಿ ಈಗ ಕೂರುವವರು ಇಂಗ್ಲಿಷ್ ಮೀಡಿಯಂ ಓದಿದ ಮಕ್ಕಳು. "ಕನ್ನಡದಲ್ಲಿ ಕಳಿಸಿದ್ದಾರಲ್ಲ, ನನಗೇನು ಇಂಗ್ಲಿಷ್ ಬರಲ್ಲ ಅಂದ್ಕೊಂಡ್ರಾ?" ಎಂದು ಕೇಳುವವರೂ ಉಂಟು. ಅದೂ ಮಾನದ ಮಾತೇ.

ಯಾರಿಗೆ ಯಾವುದು ಎಂದು ಗುರುತಿಸುವುದು ಹೇಗೆ? ಬೋರ್ಡ್ ನೋಡಿ ಹೇಳಬಹುದಲ್ಲ ಎಂದ ಹುಡುಗ. ಬೋರ್ಡ್ ಈಗ ಸಾಕ್ಷಿಯಲ್ಲ. 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆಯಂತೆ ಅಂಗಡಿ ಫಲಕದಲ್ಲಿ ಶೇಕಡ 60 ಕನ್ನಡ ಇರಬೇಕು, ಅದೂ ಮೇಲುಭಾಗದಲ್ಲಿ. ಕನ್ನಡ ಬೋರ್ಡ್ ಎಲ್ಲರದ್ದೂ ಆಗುವಾಗ ಅದರಿಂದ ಕಾನೂನು ಗೊತ್ತಾಗುತ್ತದೆಯೇ ಹೊರತು ಒಳಗೆ ಕೂತವರು ಏನು ಓದುತ್ತಾರೆ ಎಂದು ಗೊತ್ತಾಗುವುದಿಲ್ಲ. ಗುಮಾಸ್ತರು ನೋಡಿಸಿದ್ದು ಆರ್ಡರ್ ಚೀಟಿಗಳನ್ನು. "ಸ್ಟೀಲ್ ಕೊಡ 1 ಡಜನ್, ದೊಡ್ಡ ಬಕೆಟ್ 2 ಡಜನ್" ಎಂದು ಕನ್ನಡದಲ್ಲಿ ಬರೆದು ಕಳಿಸುವವರಿಗೆ ಕನ್ನಡ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಂಗ್ಲಿಷ್. ಅವರು ನಮಗೆ ಬರೆಯುವ ಭಾಷೆಯಲ್ಲಿ ನಾವು ಅವರಿಗೆ ಬರೆದರೆ ಯಾರ ಮನಸ್ಸೂ ನೋಯುವುದಿಲ್ಲ. ಹೀಗೆ ನೋಡಿದಾಗ 31ರಲ್ಲಿ ಐವರು ಇಂಗ್ಲಿಷಿಗೆ ಹೋದರು, 26 ಕನ್ನಡದಲ್ಲೇ ಉಳಿದವು.

ಮೂರನೇ ಕಾಗದ

ಮಾರ್ಚ್ ಎರಡನೇ ವಾರ ಮೂರನೇ ಕಾಗದ ಹೋಯಿತು. ಕೊರಟಗೆರೆಯ ಒಂದು ಅಂಗಡಿಗೆ ಹೋದದ್ದು ಹೀಗಿತ್ತು:

"ಶ್ರೀಯುತ ಮಾಲೀಕರಿಗೆ, ನಮಸ್ಕಾರ. ತಮ್ಮ ಅಂಗಡಿಯ ಲೆಕ್ಕ ತಮ್ಮ ಅವಗಾಹನೆಗೆ ಕಳಿಸಿದ್ದೇವೆ. 14-11-2024ರ ಬಿಲ್ ರೂ. 18,640. 9-12-2024ರ ಬಿಲ್ ರೂ. 11,275. ಒಟ್ಟು ರೂ. 29,915. ತಾವು 2-1-2025ರಂದು ಚೆಕ್ ಮೂಲಕ ಕೊಟ್ಟದ್ದು ರೂ. 10,000, ಅದನ್ನು ಮೊದಲ ಬಿಲ್ಲಿಗೆ ಜಮಾ ಮಾಡಿದ್ದೇವೆ. ಉಳಿದ ಬಾಕಿ ರೂ. 19,915 (ಹತ್ತೊಂಬತ್ತು ಸಾವಿರದ ಒಂಬೈನೂರ ಹದಿನೈದು). ತಮ್ಮ ಪುಸ್ತಕದಲ್ಲಿ ವ್ಯತ್ಯಾಸವಿದ್ದರೆ ತಿಳಿಸಿ, ಸರಿಪಡಿಸಿಕೊಳ್ಳುತ್ತೇವೆ. ಲೆಕ್ಕ ಸರಿಯಿದ್ದರೆ ಮಾರ್ಚ್ 31ರೊಳಗೆ ಕಳಿಸಿಕೊಡಬೇಕೆಂದು ಕೋರುತ್ತೇವೆ. ಒಟ್ಟಿಗೆ ಕಷ್ಟವಾದರೆ ಎರಡು ಕಂತಿನಲ್ಲಿ ಕೊಡಬಹುದು, ತಾರೀಖು ತಿಳಿಸಿ."

ಕೆಳಗೆ ಸಾಹುಕಾರರ ಕೈಸಹಿ, ಅವರ ಮೊಬೈಲ್ ನಂಬರು. ಅಷ್ಟೇ.

ಈ ಕಾಗದದಲ್ಲಿ ಗುಮಾಸ್ತರು ತಿದ್ದಿಸಿದ ಜಾಗಗಳನ್ನು ನೋಡಬೇಕು. ಹುಡುಗ ಮೊದಲು "ತಾವು" ಎಂದು ಶುರುಮಾಡಿ, ಹಣದ ಸಾಲಿಗೆ ಬಂದಾಗ "ನೀವು" ಎಂದಿದ್ದ. ಬೇರೆಬೇರೆಯಾಗಿ ಎರಡೂ ಮರ್ಯಾದೆಯ ಮಾತೇ. ಒಂದೇ ಕಾಗದದಲ್ಲಿ ತಾವು ಇದ್ದದ್ದು ನೀವು ಆದರೆ, ದುಡ್ಡಿನ ವಿಷಯ ಬಂದ ಕೂಡಲೇ ಒಂದು ಮೆಟ್ಟಿಲು ಕೆಳಗಿಳಿಸಿದಂತೆ ಓದುಗರಿಗೆ ಚುರುಕ್ ಅನ್ನುತ್ತದೆ. ಯಾವುದನ್ನು ಹಿಡಿದರೂ ಕೊನೆತನಕ ಅದೇ ಇರಬೇಕು.

ಮಾಲೀಕರು ಹೆಂಗಸರಾದ ಅಂಗಡಿ ಮೂರಿದ್ದವು. ಅಲ್ಲಿಗೂ "ಶ್ರೀಯುತ" ಎಂದೇ ಅಚ್ಚಾಗಿತ್ತು. ಅದನ್ನು ತೆಗೆಸಿ "ಶ್ರೀಮತಿ" ಎಂದು ಹೆಸರು ಹಾಕಿಸಿದರು. ಯಜಮಾನರು ತೀರಿಕೊಂಡ ಮೇಲೆ ಆರು ವರ್ಷದಿಂದ ಅಂಗಡಿ ನಡೆಸುತ್ತಿರುವವರಿಗೆ ಇನ್ನೂ ಯಜಮಾನರ ಹೆಸರಿನಲ್ಲೇ ಕಾಗದ ಹೋಗುತ್ತಿತ್ತು, ಅದನ್ನೂ ಬದಲಿಸಿದರು.

ಕನ್ನಡ ಮಾಡುವ ಹುಮ್ಮಸ್ಸಿನಲ್ಲಿ ಹುಡುಗ ಚೆಕ್ಕಿಗೆ "ಧನಾದೇಶ" ಎಂದು ಬರೆದಿದ್ದ. ಗುಮಾಸ್ತರು ನಕ್ಕರು. "ಬ್ಯಾಂಕಿನವರೇ ಚೆಕ್ ಅಂತಾರೆ. ಬಿಲ್, ಚೆಕ್, ಸ್ಟಾಕ್ ಎಲ್ಲಾ ನಮ್ಮ ಪೇಟೆ ಮಾತೇ. ಅದನ್ನ ಯಾಕಪ್ಪ ಕಳೀತೀಯ?" ಓದುವವರು ಒಂದು ಪದಕ್ಕೆ ನಿಂತು ಯೋಚಿಸುವಂತಾದರೆ ಅದು ಇಂಗ್ಲಿಷ್ ಕಾಗದದಷ್ಟೇ ದೂರ.

ಇನ್ನು ಕೆಲವನ್ನು ಇಂಗ್ಲಿಷ್ ಅಕ್ಷರದಲ್ಲೇ ಬಿಡಬೇಕಾಯಿತು. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಿಗೆ 11 ಅಕ್ಷರ, ಅದರಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಜಿಎಸ್‌ಟಿ ನಂಬರಿಗೆ 15, ಕರ್ನಾಟಕದ್ದು 29ರಿಂದ ಶುರು. ಇವನ್ನು ಕನ್ನಡಕ್ಕೆ ತಿರುಗಿಸಿದರೆ ಬ್ಯಾಂಕಿನಲ್ಲಿ ಮತ್ತೆ ಇಂಗ್ಲಿಷಿಗೆ ತಿರುಗಿಸುವಾಗ ಒಂದು ಅಕ್ಷರ ತಪ್ಪಿದರೂ ಹಣ ಹೋಗುವುದಿಲ್ಲ. ಆದ್ದರಿಂದ ಬಿಲ್ಲಿನಲ್ಲಿ ಹೇಗಿದೆಯೋ ಹಾಗೆಯೇ ಅಚ್ಚು. ಅಂಕಿಗಳೂ ಬಿಲ್ಲಿನ ಅಂಕಿಗಳೇ. ಬಾಕಿಯ ಮೊತ್ತವನ್ನು ಮಾತ್ರ ಕನ್ನಡ ಅಕ್ಷರದಲ್ಲೂ ಬರೆಸಿದರು.

ಬೆದರಿಕೆಯೂ ಅದೇ, ಮಾಹಿತಿಯೂ ಅದೇ

ಲೆಕ್ಕಪರಿಶೋಧಕರು ಒಂದು ವಿಷಯ ಸೇರಿಸಲು ಹೇಳಿದ್ದರು. ಕೊಂಡ ಮಾಲಿನ ಮೇಲೆ ಜಿಎಸ್‌ಟಿ ಜಮಾ ಪಡೆದ ಅಂಗಡಿಯವರು ಆ ಬಿಲ್ಲಿನ ಹಣವನ್ನು ಬಿಲ್ ತಾರೀಖಿನಿಂದ 180 ದಿನದೊಳಗೆ ಕೊಡದಿದ್ದರೆ, ಆ ಜಮಾವನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಗುತ್ತದೆ. ಬಿಲ್ ಹಣ ಕೊಟ್ಟ ಮೇಲೆ ಜಮಾ ಮತ್ತೆ ಸಿಗುತ್ತದೆ, ಕಟ್ಟಿದ ಬಡ್ಡಿ ಬರುವುದಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ಅಂಗಡಿಗೆ ಈ ಜಮಾವೇ ಇಲ್ಲದ್ದರಿಂದ ಅವರಿಗೆ ಇದು ತಟ್ಟುವುದಿಲ್ಲ.

ಹುಡುಗ ಬರೆದದ್ದು: "ಹಣ ಕೊಡದಿದ್ದಲ್ಲಿ ತಾವು ಬಡ್ಡಿ ಸಮೇತ ತೆರಿಗೆ ಕಟ್ಟಬೇಕಾದೀತು." ತಿದ್ದಿದ್ದು: "14-11-2024ರ ಬಿಲ್ಲಿಗೆ ಮೇ 13ಕ್ಕೆ 180 ದಿನ ತುಂಬುತ್ತದೆ. ಅದರೊಳಗೆ ಬಾಕಿ ಮುಗಿದರೆ ತಮ್ಮ ಜಿಎಸ್‌ಟಿ ಲೆಕ್ಕಕ್ಕೂ ತೊಂದರೆ ಇರುವುದಿಲ್ಲ." ಕಾನೂನು ಎರಡರಲ್ಲೂ ಒಂದೇ. ಮೊದಲನೆಯದು ಓದಿದವರಿಗೆ ಕೋಪ ಬರುತ್ತದೆ. ಎರಡನೆಯದು ಓದಿದವರು ತಮ್ಮ ಲೆಕ್ಕದವರಿಗೆ ಫೋನ್ ಮಾಡಿ "ಹೌದೇನ್ರೀ?" ಎಂದು ಕೇಳುತ್ತಾರೆ, ಲೆಕ್ಕದವರು ಹೌದು ಎನ್ನುತ್ತಾರೆ. ಜಿಎಸ್‌ಟಿ ಜಮಾ ಪಡೆಯುವ ಅಂಗಡಿಗಳ ಕಾಗದಕ್ಕೆ ಮಾತ್ರ ಈ ಎರಡು ಸಾಲು ಸೇರಿದವು.

ಕಾಗದದ ಕೆಳಗೆ ಒಂದು ಕತ್ತರಿಸಿ ಕಳಿಸುವ ಚೀಟಿಯೂ ಇತ್ತು: "ಮೇಲಿನಂತೆ ನಮ್ಮಿಂದ ಬರಬೇಕಾದ ಬಾಕಿ ರೂ. 19,915 ಇರುವುದು ಸರಿ." ಸಹಿ, ತಾರೀಖು, ಅಂಗಡಿ ಮೊಹರು. ಇದು ಬರೀ ಶಿಷ್ಟಾಚಾರವಲ್ಲ. ಮಾರಿದ ಮಾಲಿನ ಹಣಕ್ಕೆ ದಾವೆ ಹಾಕಲು 1963ರ ಕಾಲಮಿತಿ ಕಾಯ್ದೆಯಲ್ಲಿರುವುದು ಮೂರು ವರ್ಷ. ಆ ಅವಧಿ ಮುಗಿಯುವ ಮೊದಲೇ ಬಾಕಿದಾರರು ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿದರೆ ಸಹಿ ಹಾಕಿದ ದಿನದಿಂದ ಮತ್ತೆ ಮೂರು ವರ್ಷ ಲೆಕ್ಕ. ಅವಧಿ ಮುಗಿದ ಮೇಲೆ ಹಾಕಿಸಿಕೊಂಡ ಒಪ್ಪಿಗೆಯಿಂದ ಈ ಅನುಕೂಲ ಸಿಗುವುದಿಲ್ಲ. ಸಹಿ ಮಾಲೀಕರದ್ದೋ ಅವರು ಅಧಿಕಾರ ಕೊಟ್ಟವರದ್ದೋ ಆಗಿರಬೇಕು, ಮಾಲು ಇಳಿಸಿಕೊಂಡ ಹುಡುಗನ ಸಹಿ ಸಾಲದು.

ಇಲ್ಲೂ ಭಾಷೆ ಕೆಲಸಕ್ಕೆ ಬರುತ್ತದೆ. ಇಂಗ್ಲಿಷ್ ಚೀಟಿಗೆ ಸಹಿ ಹಾಕಿದವರು ನಾಳೆ "ಅದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ ಸ್ವಾಮಿ, ಹಾಕಿ ಅಂದ್ರು ಹಾಕಿದೆ" ಎಂದಾರು. ಅವರೇ ಓದಬಲ್ಲ ಕನ್ನಡದ ಎರಡು ಸಾಲಿಗೆ ಸಹಿ ಹಾಕಿದವರಿಗೆ ಆ ಮಾತು ಹೇಳುವುದು ಕಷ್ಟ.

ವಿನಯ ಕೆಲಸ ಮಾಡದ ಜಾಗ

42ರಲ್ಲಿ ಒಂದು ಅಂಗಡಿಯ ಚೆಕ್ ಬ್ಯಾಂಕಿನಿಂದ ವಾಪಸ್ ಬಂತು. ಹೊಸ ಪಾಠ ಕಲಿತಿದ್ದ ಹುಡುಗ ಅಲ್ಲಿಗೂ "ಅನುಕೂಲವಾದಾಗ ದಯಮಾಡಿ" ಎಂದು ಬರೆಯಲು ಕೂತ. ಈ ಸಲ ಗುಮಾಸ್ತರೇ ಕೈ ಹಿಡಿದರು.

ಚೆಕ್ ವಾಪಸಾದದ್ದಕ್ಕೆ ಕಾಯ್ದೆಯ 138ನೇ ಕಲಮಿನಲ್ಲಿ ಹೋಗಬೇಕಾದರೆ, ಬ್ಯಾಂಕಿನಿಂದ ತಿಳಿದ ದಿನದಿಂದ 30 ದಿನದೊಳಗೆ ಲಿಖಿತ ನೋಟೀಸಿನಲ್ಲಿ ಆ ಚೆಕ್ಕಿನ ಹಣವನ್ನು ಕೇಳಲೇಬೇಕು. ನೋಟೀಸು ಮುಟ್ಟಿದ ಮೇಲೆ ಅವರಿಗೆ 15 ದಿನ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. "ಅನುಕೂಲವಾದಾಗ ಕೊಡಿ" ಎಂದರೆ ಅದು ಕೇಳಿದಂತೆ ಆಗುವುದಿಲ್ಲ, ದಿನ ಮಾತ್ರ ಕಳೆಯುತ್ತದೆ. ಹಳೇ ಬಾಕಿಯನ್ನೆಲ್ಲ ಕೂಡಿಸಿ ಒಂದೇ ಮೊತ್ತ ಕೇಳಿದರೂ ನೋಟೀಸು ಕೆಡಬಹುದು. ಚೆಕ್ಕಿನ ನಂಬರು, ತಾರೀಖು, ಚೆಕ್ಕಿನ ಮೊತ್ತ ಬೇರೆಯಾಗಿ ಎದ್ದು ಕಾಣಬೇಕು.

ನೋಟೀಸು ಇಂಥ ಭಾಷೆಯಲ್ಲೇ ಇರಬೇಕೆಂದು ಆ ಕಲಮಿನಲ್ಲಿ ಹೇಳಿಲ್ಲ. ವಕೀಲರು ಇಂಗ್ಲಿಷಿನಲ್ಲಿ ಸಿದ್ಧ ಮಾಡಿದರು. ಸಾಹುಕಾರರು ಹಟ ಹಿಡಿದು ಅದರ ಜೊತೆ ಕನ್ನಡ ಪ್ರತಿಯನ್ನೂ ಇರಿಸಿದರು. "ಕೇಸೇ ಆಗಲಿ, ಅವರೇ ಓದಲಿ. ಪಕ್ಕದ ಅಂಗಡಿಯವರು ಓದೋದು ಬೇಡ" ಎಂದರು. ಹದಿನೈದು ದಿನ ತುಂಬುವ ಮೊದಲೇ ಆ ಹಣ ಬಂತು.

ಕೊನೆಗೆ

ಮೂರನೇ ಕಾಗದ ಹೋದ ಮೇಲೆ ಮಾರ್ಚ್ 31ರ ಹೊತ್ತಿಗೆ 19 ಅಂಗಡಿಗಳು ಪೂರ್ತಿ ಕೊಟ್ಟವು. ಒಂಬತ್ತು ಮಂದಿ ಎರಡು ಕಂತು ಕೇಳಿ ತಾರೀಖು ಬರೆದು ಕಳಿಸಿದರು. ಇಬ್ಬರು ಲೆಕ್ಕದಲ್ಲಿ ವ್ಯತ್ಯಾಸ ತೋರಿಸಿದರು, ಅದರಲ್ಲಿ ಒಂದು ಸಗಟು ಅಂಗಡಿಯದೇ ತಪ್ಪು, ವಾಪಸ್ ಕಳಿಸಿದ ಒಡೆದ ಬಕೆಟ್ಟುಗಳನ್ನು ಕಳೆದಿರಲಿಲ್ಲ. ಉಳಿದವರು ಎಂದಿನಂತೆ ಮೌನ. ಕೈಯಲ್ಲಿ ಹಣವಿಲ್ಲದವರಿಗೆ ಎಷ್ಟು ಒಳ್ಳೆಯ ಕನ್ನಡದಲ್ಲಿ ಬರೆದರೂ ಹಣ ಹುಟ್ಟುವುದಿಲ್ಲ. ಆದರೆ ಮೂರನೇ ಕಾಗದದ ಮೇಲೆ ಜಗಳಕ್ಕೆ ಯಾರೂ ಬರಲಿಲ್ಲ.

ಗುಬ್ಬಿಯವರಿಗೆ ಮೂರನೇ ಕಾಗದ ಹೋಗುವ ಪ್ರಶ್ನೆಯೇ ಇರಲಿಲ್ಲ, ಅವರ ಲೆಕ್ಕ ಚುಕ್ತಾ ಆಗಿತ್ತು. ಸಾಹುಕಾರರು ಯುಗಾದಿ ಕಳೆದ ಮೇಲೆ ಅಳಿಯನನ್ನು ಕರೆದುಕೊಂಡು ತಾವೇ ಅಲ್ಲಿಗೆ ಹೋದರು. ಕಾಗದದಲ್ಲಿ ಆದ ತಪ್ಪಿಗೆ ಕಾಗದದಲ್ಲಿ ಕ್ಷಮೆ ಕೇಳಬೇಡ ಎಂದು ಗುಮಾಸ್ತರು ಹೇಳಿದ್ದರು. "ತಪ್ಪಾಯ್ತು ಅಣ್ಣಾ, ನನಗೆ ಗೊತ್ತಾಗಲಿಲ್ಲ" ಎಂದ ಹುಡುಗ. ಕಾಫಿ ಬಂತು. ಆರ್ಡರ್ ಬರಲಿಲ್ಲ.

ದೀಪಾವಳಿಗೆ ಮುಂಚೆ ಒಂದು ದಿನ ಗುಬ್ಬಿಯವರು ಮಂಡಿಪೇಟೆಗೆ ಬಂದು ಚೀಟಿ ಕೊಟ್ಟರು. ಸ್ಟೀಲ್ ಕೊಡ 2 ಡಜನ್, ಬಕೆಟ್ 3 ಡಜನ್, ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ಕಾಲು ಪಾಲು. ಬಿಲ್ ಆಯಿತು. ಬಾಕಿ ಬರೆಸಲಿಲ್ಲ. ಜೇಬಿನಿಂದ ನೋಟು ತೆಗೆದು ಅಲ್ಲೇ ಎಣಿಸಿ ಕೊಟ್ಟು, ಮಾಲು ಲಗೇಜ್ ಆಟೋಗೆ ಹಾಕಿಸಿಕೊಂಡು ಹೋದರು.